ಮೀನು ಸತ್ತರೆ ಕಾರ್ಖಾನೆಯೇ ಕಾರಣವಾ?

"ಸರ್, ‘ಕಾರ್ಖಾನೆ ವಿಷದ ನೀರು ಬಿಟ್ಟರೆ ಕೆರೆಯ ಮೀನು ಸಾಯುತ್ತವೆ. ಮೀನು ಸತ್ತಿವೆ. ಆದ್ದರಿಂದ ಕಾರ್ಖಾನೆ ವಿಷ ಬಿಟ್ಟಿದೆ’ ಅಂತ ಪ್ರಬಂಧದಲ್ಲಿ ಬರೆದಿದ್ದೆ. ಎರಡು ಮಾತೂ ನಿಜ ತಾನೇ? ಮತ್ತೆ ತರ್ಕದೋಷ ಹೇಗೆ?"

ಎರಡೂ ನಿಜವೇ, ತಕರಾರಿಲ್ಲ. ತೊಂದರೆ ಇರುವುದು ‘ಆದ್ದರಿಂದ’ ಅನ್ನುವಲ್ಲಿ. ವಿಷ ಬಿದ್ದರೆ ಏನಾಗುತ್ತದೆ ಅಂತ ಮೊದಲ ವಾಕ್ಯ ಹೇಳುತ್ತದೆ. ಮೀನು ಸಾಯಲು ಅದೊಂದೇ ಕಾರಣ ಅಂತ ಎಲ್ಲೂ ಹೇಳಿಲ್ಲ, ಅಲ್ವಾ?

ಚರಂಡಿ ನೀರು ಸೇರಿ ಪಾಚಿ ಜಾಸ್ತಿಯಾದ ಕೆರೆಯನ್ನೇ ನೋಡಿ. ರಾತ್ರಿ ಪಾಚಿಯೂ ಆಮ್ಲಜನಕ ಬಳಸುತ್ತದೆ. ಬೆಳಗಿನ ಜಾವಕ್ಕೆ ಅದು ತೀರಾ ಇಳಿದು, ಕಾರ್ಖಾನೆಯ ವಿಷ ಇಲ್ಲದೆಯೂ ಮೀನು ಸಾಯಬಹುದು. ಆಗ ನಿಮ್ಮ ಎರಡು ವಾಕ್ಯವೂ ನಿಜ, ತೀರ್ಮಾನ ಮಾತ್ರ ಸುಳ್ಳು. ಅಂಥ ಒಂದು ಸಂದರ್ಭ ಸಾಧ್ಯವಿದ್ದರೂ ಸಾಕು, ವಾದ ನಿಲ್ಲುವುದಿಲ್ಲ. ಪರಿಣಾಮ ಕಂಡಿದೆ, ಆದ್ದರಿಂದ ಇದೇ ಕಾರಣ ಅನ್ನುವ ಈ ತಪ್ಪನ್ನೇ ತರಗತಿಯಲ್ಲಿ ನಾವು ‘ಅಫರ್ಮಿಂಗ್ ದ ಕಾನ್ಸಿಕ್ವೆಂಟ್’ ಅಂತ ಓದಿದ್ದು.

ಕಾರ್ಖಾನೆಯದು ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಅನುಮಾನ ಸರಿಯಿರಬಹುದು, ಇಷ್ಟರಿಂದ ಅದು ಸಾಬೀತಾಗಿಲ್ಲ ಅಷ್ಟೆ. ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಸಾಕಷ್ಟಿತ್ತು, ಕಾರ್ಖಾನೆಯ ಕೊಳವೆ ಬಂದು ಸೇರುವ ಕಡೆಯೇ ಹೆಚ್ಚು ಮೀನು ಸತ್ತವು ಅಂತ ತೋರಿಸಿ. ಆಮೇಲೂ ‘ಕಾರ್ಖಾನೆ ಕಾರಣವಾಗಿರುವ ಸಾಧ್ಯತೆ ಹೆಚ್ಚು’ ಅಂತಲೇ ಬರೆಯಿರಿ.