ಕ್ಯಾಶ್ ಕಡಿಮೆ ಬಂದರೆ ಸಂಬಳದಿಂದ ಹಿಡಿಯಬಹುದೇ?

ಪೆಟ್ರೋಲ್ ಬಂಕಿನಲ್ಲಿ ಕ್ಯಾಶಿಯರ್ ಆಗಿದ್ದೇನೆ, ಸಂಬಳ 18,000. ಲೆಕ್ಕದಲ್ಲಿ 12,000 ಕಡಿಮೆ ಬಂತೆಂದು ಮಾಲೀಕರು ಈ ತಿಂಗಳೇ ಪೂರ್ತಿ ಹಿಡಿಯುತ್ತಾರಂತೆ. ಸರಿಯೇ?

ಉತ್ತರ: ಪೂರ್ತಿ ಒಂದೇ ತಿಂಗಳಲ್ಲಿ ಹಿಡಿಯುವಂತಿಲ್ಲ. ಪಿಎಫ್ ಸೇರಿ ಎಲ್ಲ ಕಡಿತವೂ ಸಂಬಳದ ಅರ್ಧ, ಅಂದರೆ 9,000 ದಾಟಬಾರದು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ಮಿತಿ 2019ರ ವೇತನ ಸಂಹಿತೆಯಲ್ಲೂ ಇದೆ.

ಅದಕ್ಕಿಂತ ಮೊದಲಿನ ಪ್ರಶ್ನೆ, ಹಿಡಿಯಲು ಹಕ್ಕಿದೆಯೇ ಎಂಬುದು. ಆ ಹಣದ ಲೆಕ್ಕ ಒಪ್ಪಿಸುವ ಹೊಣೆ ನಿಮ್ಮದಾಗಿರಬೇಕು, ನಷ್ಟ ನೇರವಾಗಿ ನಿಮ್ಮ ಅಲಕ್ಷ್ಯದಿಂದಲೇ ಆಗಿರಬೇಕು. ಹಿಡಿಯುವ ಮುನ್ನ ನಿಮ್ಮ ವಿವರಣೆ ಕೇಳಲೇಬೇಕು. ಬಹುತೇಕ ಮಾಲೀಕರು ಎಡವುವುದು ಇಲ್ಲೇ. ಗಲ್ಲಾಪೆಟ್ಟಿಗೆಯ ಕೀ ಇನ್ನಿಬ್ಬರ ಬಳಿಯೂ ಇತ್ತೇ? ಶಿಫ್ಟ್ ಬದಲಾದಾಗ ಎಣಿಸಿ ಸಹಿ ಹಾಕಿದ್ದರೇ? ಉತ್ತರದಲ್ಲಿ ಅದನ್ನೇ ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ.