8^(x−1) = 4^(x+2): ಉತ್ತರ 3 ಅಲ್ಲ, 7 ಯಾಕೆ?

ಪ್ರಶ್ನೆ: 8^(x−1) = 4^(x+2) ಲೆಕ್ಕಕ್ಕೆ ನನಗೆ x = 3 ಬರ್ತಾ ಇದೆ, ಪುಸ್ತಕದ ಹಿಂದೆ 7 ಅಂತಿದೆ. ಎರಡನ್ನೂ 2ರ ಘಾತಕ್ಕೆ ತಂದೇ ಮಾಡಿದ್ದೇನೆ. ಎಲ್ಲಿ ತಪ್ಪಿದೆ? ಮತ್ತೆ, ಎರಡೂ ಕಡೆಯ 2 ಹೊಡೆದು ಹಾಕೋದು ಯಾವಾಗಲೂ ಸರಿನಾ?

ಉತ್ತರ:

ನಿಮ್ಮ ದಾರಿ ಸರಿಯಾಗಿಯೇ ಇದೆ, ಆವರಣ ಮಾತ್ರ ಬಿಟ್ಟುಹೋಗಿದೆ. 3 ಬಂದಿದೆ ಅಂದರೆ ನೀವು 3x − 1 = 2x + 2 ಅಂತ ಬರೆದಿರಬೇಕು. ಬರೆಯಬೇಕಾದದ್ದು 3(x − 1) = 2(x + 2).

ನಾನು ಕುಮಟಾದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಈ ಪಾಠ ಶುರುವಾದಾಗ ನೋಟ್‌ಬುಕ್ಕಿನಲ್ಲಿ ಜಾಸ್ತಿ ಕಾಣುವ ತಪ್ಪು ಇದೇ. ನಿಯಮ ಗೊತ್ತಿಲ್ಲದೆ ಆಗುವುದಲ್ಲ ಇದು. ಘಾತದ ಮೇಲೆ ಘಾತ ಬಂದರೆ ಗುಣಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ತೊಂದರೆ ಬರುವುದು ಕೈಬರಹದಲ್ಲಿ. ತಲೆ ಮೇಲಿನ ಅಂಕೆಯನ್ನು, ಅಂದರೆ ಘಾತಾಂಕವನ್ನು, ಸಣ್ಣದಾಗಿ ಒತ್ತೊತ್ತಾಗಿ ಬರೆಯುತ್ತೇವೆ. 8ರ ಜಾಗದಲ್ಲಿ 2^3 ಬರೆದು, ಪಕ್ಕದಲ್ಲೇ x − 1 ಸೇರಿಸಿದಾಗ ಆ 3 ಹೋಗಿ xಗೆ ಅಂಟಿಕೊಳ್ಳುತ್ತದೆ. ಮುಂದಿನ ಸಾಲಿನಲ್ಲಿ ಅದು 3x − 1 ಆಗಿಬಿಡುತ್ತದೆ. −1 ಹಾಗೇ ಉಳಿಯುತ್ತದೆ, ಅದಕ್ಕೆ 3 ತಾಗುವುದೇ ಇಲ್ಲ.

ಹಾಗಾಗಿ ಈ ಲೆಕ್ಕದಲ್ಲಿ ಒಂದು ಸಾಲು ಹೆಚ್ಚು ಬರೆದರೂ ನಷ್ಟವಿಲ್ಲ:

```
8^(x−1)     = 4^(x+2)
(2^3)^(x−1) = (2^2)^(x+2)
2^(3(x−1))  = 2^(2(x+2))
3x − 3      = 2x + 4
x           = 7
```

ಇನ್ನು ತಾಳೆ ನೋಡೋಣ. x = 7 ಇಟ್ಟರೆ ಎಡಗಡೆ 8^6, ಬಲಗಡೆ 4^9. ಎರಡೂ 2^18, ಅಂದರೆ 2,62,144. ನಿಮ್ಮ 3 ಇಟ್ಟು ನೋಡಿ: ಎಡಗಡೆ 8^2 = 64, ಬಲಗಡೆ 4^5 = 1024. ಪುಸ್ತಕದ ಹಿಂದಿನ ಪುಟ ತಿರುಗಿಸುವ ಮೊದಲೇ ತಪ್ಪು ಸಿಕ್ಕಿಬಿಡುತ್ತದೆ. ಆದರೆ ತಾಳೆ ನೋಡುವಾಗ ಮೂಲ ಸಮೀಕರಣದಲ್ಲೇ ಇಟ್ಟು ನೋಡಬೇಕು. 3x − 1 = 2x + 2 ಅನ್ನುವ ಸಾಲಿನಲ್ಲಿ ಇಟ್ಟರೆ 3 ಸರಿಯಾಗೇ ಕೂರುತ್ತದೆ, ಯಾಕೆಂದರೆ ತಪ್ಪು ಆಗಿರುವುದು ಅದಕ್ಕಿಂತ ಮೊದಲೇ.

2ನ್ನೇ ಆರಿಸಬೇಕು ಅಂತ ಕಡ್ಡಾಯವೂ ಇಲ್ಲ. 8 ಅಂದರೆ 4^(3/2). ಎಲ್ಲವನ್ನೂ 4ಕ್ಕೆ ತಂದರೆ (3/2)(x − 1) = x + 2 ಆಗುತ್ತದೆ, ಬರುವುದು ಅದೇ 7. ಭಿನ್ನರಾಶಿ ತಪ್ಪಿಸಲಿಕ್ಕೆ ಮಾತ್ರ ಸಣ್ಣ ಆಧಾರ ಹಿಡಿಯುತ್ತೇವೆ.

ನಿಮ್ಮ ಎರಡನೇ ಪ್ರಶ್ನೆ ನನಗೆ ಜಾಸ್ತಿ ಇಷ್ಟವಾಯಿತು. ಅಂಕೋಲಾದಿಂದ ಬರುವ ಒಬ್ಬ ಹುಡುಗಿಯೂ ಹೀಗೇ ಕೇಳಿದ್ದಳು: "ಸರ್, ಎರಡೂ ಕಡೆ 2 ಇದ್ದಲ್ಲ, ಕ್ಯಾನ್ಸಲ್ ಮಾಡಿದ್ರೆ ಎಂತ ತೊಂದ್ರೆ?" ನಾನು ಬೋರ್ಡಿನ ಮೇಲೆ 1^3 = 1^7 ಅಂತ ಬರೆದೆ. ಸಮೀಕರಣ ಸರಿ, ಎರಡೂ ಕಡೆ 1. ಈಗ 1 ಹೊಡೆದು ಹಾಕಿದರೆ 3 = 7 ಆಗಬೇಕು. ಸ್ವಲ್ಪ ಹೊತ್ತು ನೋಡಿ, "ಹಂಗಾದ್ರೆ 2ಕ್ಕೆ ಯಾಕೆ ನಡೀತದೆ?" ಅಂದಳು. ಕೇಳಬೇಕಾದ ಪ್ರಶ್ನೆ ಅದೇ.

ಇಲ್ಲಿ 2ನ್ನು ಯಾರೂ ಹೊಡೆದು ಹಾಕುತ್ತಿಲ್ಲ. 2^a = 2^b ಅಂತ ಇರಲಿ. ಎರಡೂ ಕಡೆ 2^bಯಿಂದ ಭಾಗಿಸಿ. 2^(a−b) = 1 ಉಳಿಯುತ್ತದೆ. 2ರ ಯಾವ ಘಾತ 1 ಆಗುತ್ತದೆ? ಘಾತಾಂಕ ಸೊನ್ನೆಗಿಂತ ಹೆಚ್ಚಿದ್ದರೆ ಬೆಲೆ 1ಕ್ಕಿಂತ ದೊಡ್ಡದು, ಸೊನ್ನೆಗಿಂತ ಕಡಿಮೆ ಇದ್ದರೆ 1ಕ್ಕಿಂತ ಚಿಕ್ಕದು. ಸರಿಯಾಗಿ 1 ಸಿಗುವುದು ಘಾತಾಂಕ ಸೊನ್ನೆಯಾದಾಗ ಮಾತ್ರ. ಹಾಗಾಗಿ a − b = 0, a ಮತ್ತು b ಒಂದೇ. 1ನ್ನು ಬಿಟ್ಟು ಬೇರೆ ಯಾವ ಧನ ಸಂಖ್ಯೆ ಆಧಾರವಾಗಿದ್ದರೂ ಈ ಮಾತು ನಡೆಯುತ್ತದೆ. 1ಕ್ಕೆ ನಡೆಯುವುದಿಲ್ಲ, ಏಕೆಂದರೆ ಅದರ ಎಲ್ಲ ಘಾತವೂ 1. −1ಕ್ಕೂ ನಡೆಯುವುದಿಲ್ಲ, (−1)^2 ಮತ್ತು (−1)^4 ಎರಡೂ 1.

ಸುಮ್ನೆ ನಿಯಮಕ್ಕಾಗಿ ಹೇಳುತ್ತಿಲ್ಲ. ಆಧಾರದ ಜಾಗದಲ್ಲೇ x ಬಂದಾಗ ಇದರಿಂದ ಉತ್ತರ ಕಳೆದುಹೋಗುತ್ತದೆ. x^(2x) = x^6 ತಗೊಳ್ಳಿ. ಘಾತಾಂಕ ಸಮ ಮಾಡಿದರೆ 2x = 6, x = 3. ಆದರೆ x = 1 ಇಟ್ಟರೂ ಎರಡೂ ಕಡೆ 1 ಬರುತ್ತದೆ. x = −1 ಇಟ್ಟರೆ (−1)^(−2) ಮತ್ತು (−1)^6, ಅದೂ 1 ಮತ್ತು 1. ಒಂದೇ ಉತ್ತರ ಬರೆದು ಮುಂದೆ ಹೋದವರಿಗೆ ಎರಡು ತಪ್ಪಿತು, ಅಲ್ವಾ? ನಿಮ್ಮ ಲೆಕ್ಕದಂತೆ ಆಧಾರ 2, 3, 5 ಅಂತ ಗಟ್ಟಿ ಸಂಖ್ಯೆಯಾಗಿದ್ದರೆ ಈ ಭಯ ಇಲ್ಲ.

ಭಿನ್ನರಾಶಿ ಇದ್ದರೂ ದಾರಿ ಬದಲಾಗುವುದಿಲ್ಲ. (1/9)^x = 27^(x−5) ಅಂದರೆ ಎಡಗಡೆ 3^(−2x), ಬಲಗಡೆ 3^(3x−15). ಅಲ್ಲಿಂದ 5x = 15, x = 3. ತಾಳೆ ನೋಡಿದರೆ ಎರಡೂ ಕಡೆ 1/729.

ಇನ್ನೊಂದು ಕಡೆ ಎಚ್ಚರ ಬೇಕು. 2^x + 2^3 = 2^5 ಕೊಟ್ಟರೆ ಕೆಲವರು x + 3 = 5 ಅಂತ ಬರೆದು x = 2 ಅನ್ನುತ್ತಾರೆ. ಇಟ್ಟು ನೋಡಿದರೆ 4 + 8 = 12, ಬೇಕಾದದ್ದು 32. ಘಾತಾಂಕ ಕೂಡುವುದು ಘಾತಗಳನ್ನು ಗುಣಿಸುವಾಗ. ಮಧ್ಯೆ ಕೂಡಿಸುವ ಚಿಹ್ನೆ ಇದ್ದರೆ ಒಂದೊಂದು ಕಡೆ ಒಂದೊಂದೇ ಘಾತ ಉಳಿಯುವ ತನಕ ಘಾತಾಂಕ ಮುಟ್ಟಬಾರದು. ಇಲ್ಲಿ 8ನ್ನು ಆಚೆ ಕಳಿಸಿದರೆ 2^x = 24.

ಈಗ 24ನ್ನು ಅಪವರ್ತಿಸಿ: 2 × 2 × 2 × 3. ಆ 3 ಬಂತಲ್ಲ, ಅಲ್ಲಿಗೆ ನಮ್ಮ ದಾರಿ ನಿಂತಿತು. x ಪೂರ್ಣಾಂಕ ಆಗಲಿ, ಭಿನ್ನರಾಶಿ ಆಗಲಿ, ಎಡಗಡೆ ಎಷ್ಟು 2 ಗುಣಿಸಿದರೂ 3 ಹುಟ್ಟುವುದಿಲ್ಲ. ಹಾಗಂತ ಉತ್ತರವೇ ಇಲ್ಲ ಅಂತಲ್ಲ. 2^4 = 16, 2^5 = 32, ಹಾಗಾಗಿ x 4 ಮತ್ತು 5ರ ನಡುವೆ ಎಲ್ಲೋ ಇದೆ. ಲಾಗರಿದಮ್ ಹಾಕಿದರೆ ಸುಮಾರು 4.585 ಬರುತ್ತದೆ. ಒಂದು ಲೆಕ್ಕ ಕೈಗೆ ಬಂದಾಗ ನಾನು ಮೊದಲು ಎರಡೂ ಕಡೆಯ ಆಧಾರಗಳನ್ನು ಹೀಗೆ ಒಡೆದು ನೋಡುತ್ತೇನೆ. 36 ಮತ್ತು 216 ಒಡೆದರೆ ಎರಡರಲ್ಲೂ 2 ಮತ್ತು 3 ಸಮ ಸಮ ಇವೆ, 6 ಆಧಾರವಾಗುತ್ತದೆ. 12 ಮತ್ತು 18ರಲ್ಲೂ ಅದೇ 2 ಮತ್ತು 3 ಇವೆ, ಆದರೆ ಒಂದರಲ್ಲಿ 2 ಎರಡು ಸಲ, ಇನ್ನೊಂದರಲ್ಲಿ 3 ಎರಡು ಸಲ. ಈ ಜೋಡಿಯನ್ನು ಒಂದೇ ಆಧಾರಕ್ಕೆ ತರಲಿಕ್ಕೆ ಒದ್ದಾಡಬೇಡಿ, ನೇರವಾಗಿ ಲಾಗರಿದಮ್ ಹಿಡಿಯಿರಿ.