ಸುಟ್ಟಾಗ ಕಳೆದ ತೂಕವೆಲ್ಲ ಸಾವಯವವಲ್ಲ

"ನಮ್ಮ ರಾಗಿ ಹೊಲದ ಕೆಂಪು ಮಣ್ಣನ್ನು 105 ಡಿಗ್ರಿಯಲ್ಲಿ ಒಣಗಿಸಿ, 10 ಗ್ರಾಂ ತೂಗಿ, 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ಗಂಟೆ ಸುಟ್ಟೆ. ತೂಕ 0.52 ಗ್ರಾಂ ಇಳಿಯಿತು. 1.724ರಿಂದ ಭಾಗಿಸಿದರೆ ಸಾವಯವ ಇಂಗಾಲ ಶೇ. 3. ಮಣ್ಣು ಪರೀಕ್ಷಾ ಕೇಂದ್ರದವರು ಮಾತ್ರ ಶೇ. 0.5 ಎಂದು ಬರೆದುಕೊಟ್ಟಿದ್ದಾರೆ. ಅವರ ಅಂಕಿ ತಪ್ಪೆಂದು ತೋರಿಸುವ ಲೇಖನ ಕಳಿಸಿದ್ದೇನೆ. ಪ್ರಕಟಿಸುವಿರಾ?"

ಮಾನ್ಯರೇ,

ಈ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾರೆ. ನಿಮ್ಮ ತೂಕಗಳ ಮೇಲೆ ನನಗೆ ಅನುಮಾನವಿಲ್ಲ, ಕಳೆದುಹೋದ 0.52 ಗ್ರಾಂ ಏನಾಗಿತ್ತು ಎಂಬ ಪ್ರಶ್ನೆಯನ್ನು ನೀವು ಕೇಳಿಕೊಂಡೇ ಇಲ್ಲ, ನನ್ನ ಆಕ್ಷೇಪವಿರುವುದು ಅಲ್ಲಿ.

ಕೆಂಪು ಮಣ್ಣಿನ ಜೇಡಿಯಲ್ಲಿ ಹೆಚ್ಚಾಗಿ ಇರುವ ಖನಿಜ ಕೆಯೊಲಿನೈಟ್. ಅದರ ಹರಳಿನ ರಚನೆಯೊಳಗೇ ನೀರಿನ ಅಂಶ ಬೆಸೆದುಕೊಂಡಿರುತ್ತದೆ. 105 ಡಿಗ್ರಿಯಲ್ಲಿ ಎಷ್ಟು ಹೊತ್ತು ಒಣಗಿಸಿದರೂ ಅದು ಬಿಟ್ಟುಹೋಗುವುದಿಲ್ಲ, ಆದರೆ ಸುಮಾರು 450 ಡಿಗ್ರಿ ದಾಟಿದ ಮೇಲೆ ಆವಿಯಾಗಿ ಹೊರಬೀಳುತ್ತದೆ. ಶುದ್ಧ ಕೆಯೊಲಿನೈಟ್ ಹೀಗೆ ತನ್ನ ತೂಕದ ಸುಮಾರು ಶೇ. 14ರಷ್ಟನ್ನು ಕಳೆದುಕೊಳ್ಳುತ್ತದೆ. ನಿಮ್ಮದೇ ಕೋಷ್ಟಕ ಆ ಮಣ್ಣಿನಲ್ಲಿ ಜೇಡಿ ಶೇ. 36 ಇದೆ ಎನ್ನುತ್ತದೆ. ಈಗ ಪರೀಕ್ಷಾ ಕೇಂದ್ರದ ಅಂಕಿಯನ್ನೇ ಸರಿಯೆಂದು ಹಿಡಿದು ಲೆಕ್ಕ ಹಾಕೋಣ. ಶೇ. 0.5 ಇಂಗಾಲವೆಂದರೆ 10 ಗ್ರಾಂ ಮಣ್ಣಿನಲ್ಲಿ 0.05 ಗ್ರಾಂ ಇಂಗಾಲ. ಸಾವಯವ ಪದಾರ್ಥದಲ್ಲಿ ಅರ್ಧದಷ್ಟು ಇಂಗಾಲವೆಂದುಕೊಂಡರೆ ಸುಟ್ಟುಹೋದ ಸಾವಯವ ಪದಾರ್ಥ 0.1 ಗ್ರಾಂ. ಉಳಿದ 0.42 ಗ್ರಾಂ ಖನಿಜದಿಂದಲೇ ಬರಬೇಕಾದರೆ ಬೇಕಾಗುವ ಕೆಯೊಲಿನೈಟ್ 3 ಗ್ರಾಂ, ಅಂದರೆ ಶೇ. 30. ನಿಮ್ಮ ಜೇಡಿಯ ಪ್ರಮಾಣದೊಳಗೆ ಅದು ಸಲೀಸಾಗಿ ಅಡಗುತ್ತದೆ. ಎರಡು ಅಂಕಿಗಳ ನಡುವೆ ವಿರೋಧವೇ ಇಲ್ಲದಿರಬಹುದು.

ಕೇಂದ್ರದವರು ಇಂಗಾಲ ಅಳೆಯಲು ಬಳಸುವ ವಾಕ್ಲಿ-ಬ್ಲ್ಯಾಕ್ ವಿಧಾನ ಎಲ್ಲ ಇಂಗಾಲವನ್ನೂ ಹಿಡಿಯುವುದಿಲ್ಲ ಎಂದು ನೀವು ಬರೆದಿರುವುದು ನಿಜ. ಸರಾಸರಿ ಶೇ. 77ರಷ್ಟು ಮಾತ್ರ ಸಿಗುತ್ತದೆಂದು ಎಣಿಸಿ ಫಲಿತಾಂಶವನ್ನು 1.3ರಿಂದ ಗುಣಿಸುವ ರೂಢಿ ಇರುವುದೂ ಅದಕ್ಕಾಗಿಯೇ. ಕೇಂದ್ರದವರು ಹಾಗೆ ಗುಣಿಸಿರಲಿಲ್ಲವೆಂದೇ ಇಟ್ಟುಕೊಂಡರೂ 0.5 ಎಂಬುದು 0.65 ಆದೀತು, 3 ಆಗಲಾರದು.

1.724ರ ಬಗ್ಗೆಯೂ ಒಂದು ಮಾತು. ಸಾವಯವ ಪದಾರ್ಥದಲ್ಲಿ ಶೇ. 58 ಇಂಗಾಲವಿದೆ ಎಂಬ ಹತ್ತೊಂಬತ್ತನೇ ಶತಮಾನದ ಊಹೆಯಿಂದ ಬಂದ ಸಂಖ್ಯೆ ಅದು, ವಾನ್ ಬೆಮೆಲೆನ್ ಹೆಸರಿನಲ್ಲಿ ಉಳಿದುಕೊಂಡಿದೆ. ಪ್ರಕಟವಾದ ಅಳತೆಗಳನ್ನು 2010ರಲ್ಲಿ ಪರಿಶೀಲಿಸಿದ ಡಗ್ಲಸ್ ಪ್ರಿಬಿಲ್, ಹೆಚ್ಚಿನ ಮಣ್ಣುಗಳಿಗೆ 2 ಎಂಬ ಭಾಜಕವೇ ಮೇಲೆಂದು ತೋರಿಸಿದರು. ಆದರೆ ನಿಮ್ಮ ಮಣ್ಣಿಗೆ 2 ಬಳಸಿದರೂ ಶೇ. 2.6 ಬರುತ್ತದೆ. ಖನಿಜದ ನೀರು ಭಾಜ್ಯದೊಳಗೇ ಸೇರಿಕೊಂಡಿರುವಾಗ ಭಾಜಕವನ್ನು ತಿದ್ದಿ ಪ್ರಯೋಜನವಿಲ್ಲ.

ಲೇಖನದಲ್ಲಿ ನನಗೆ ಬಹಳ ಹಿಡಿಸಿದ್ದು, ಕುಲುಮೆಯಿಂದ ಹೊರತೆಗೆದಾಗ "ಮಣ್ಣು ಮೊದಲಿಗಿಂತ ಕೆಂಪಾಗಿತ್ತು" ಎಂಬ ಸಾಲು. ಅದನ್ನು ನೀವು ವರ್ಣನೆಯೆಂದು ಬರೆದು ಮುಂದೆ ಹೋಗಿದ್ದೀರಿ, ಆದರೆ ಅದು ಸಾಕ್ಷ್ಯ. ಗೋಥೈಟ್ ಎಂಬ ಹಳದಿ-ಕಂದು ಬಣ್ಣದ ಕಬ್ಬಿಣದ ಖನಿಜ ಸುಮಾರು 300 ಡಿಗ್ರಿಯಲ್ಲಿ ತನ್ನ ನೀರನ್ನು ಬಿಟ್ಟು ಕೆಂಪಾದ ಹೆಮಟೈಟ್ ಆಗುತ್ತದೆ. ಹಾಗಾಗುವಾಗ ಅದರ ತೂಕ ಸುಮಾರು ಶೇ. 10 ಇಳಿಯುತ್ತದೆ. ಸುಟ್ಟುಹೋದ ಸಾವಯವ ಪದಾರ್ಥದ ಕಪ್ಪು ಛಾಯೆ ಮಾಯವಾದದ್ದೂ ಕೆಂಪು ಹೆಚ್ಚಿ ಕಾಣಲು ಕಾರಣವಿರಬಹುದು. ಆದ್ದರಿಂದ ಬಣ್ಣವೊಂದನ್ನೇ ನಂಬಿ ಪ್ರಮಾಣ ಹೇಳುವಂತಿಲ್ಲ.

ಅದೇ ಮಣ್ಣನ್ನು ಎರಡು ಹಂತಗಳಲ್ಲಿ ಸುಟ್ಟು ನೋಡಿ. ಮೊದಲು 360 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಮೂಸೆಯನ್ನು ಡೆಸಿಕೇಟರಿನಲ್ಲಿ ತಣಿಸಿ ತೂಗಿರಿ. ತೆರೆದ ಮೇಜಿನ ಮೇಲೆ ತಣಿಸಿದರೆ ಸುಟ್ಟ ಮಣ್ಣು ಗಾಳಿಯ ತೇವವನ್ನು ಹೀರಿಕೊಂಡು ತೂಕ ಏರುತ್ತದೆ. ಬಳಿಕ ಅದೇ ಮೂಸೆಯನ್ನು 550 ಡಿಗ್ರಿಗೆ ಒಯ್ದು ಮತ್ತೆ ತೂಗಿರಿ. ಎರಡನೇ ಹಂತದ ಇಳಿಕೆಯಲ್ಲಿ ಹೆಚ್ಚಿನ ಪಾಲು ಕೆಯೊಲಿನೈಟಿನದು, ಮೊದಲ ಹಂತದಲ್ಲಿ ಸುಡದೆ ಉಳಿದಿದ್ದ ಇಂಗಾಲವೂ ಸ್ವಲ್ಪ ಇರಬಹುದು. ಮೊದಲ ಹಂತದ ಇಳಿಕೆಯನ್ನೂ ಪೂರ್ತಿ ಸಾವಯವವೆನ್ನಲಾಗದು. ಮಣ್ಣಿನಲ್ಲಿ ಶೇ. 3 ಗೋಥೈಟ್ ಇದ್ದರೂ 10 ಗ್ರಾಂಗೆ 0.03 ಗ್ರಾಂ ಅದರಿಂದಲೇ ಹೋಗುತ್ತದೆ, 0.1 ಗ್ರಾಂ ಹುಡುಕುತ್ತಿರುವವರಿಗೆ ಅದು ಸಣ್ಣದಲ್ಲ.

ಹೀಗಾಗಿ ಇಷ್ಟು ಕಡಿಮೆ ಇಂಗಾಲವಿರುವ ಕೆಂಪು ಮಣ್ಣಿಗೆ ಸಿದ್ಧ ಭಾಜಕಕ್ಕಿಂತ ಸ್ಥಳೀಯ ಸಮೀಕರಣವೇ ದಾರಿ. ನಿಮ್ಮ ಸುತ್ತಿನ ಒಂದೇ ಬಗೆಯ ಮಣ್ಣಿನಿಂದ ಇಪ್ಪತ್ತು ಮೂವತ್ತು ಮಾದರಿ ತೆಗೆದು, ಪ್ರತಿಯೊಂದನ್ನೂ ಸುಟ್ಟು, ಅವುಗಳ ಇಂಗಾಲವನ್ನು ಶುಷ್ಕ ದಹನ ಯಂತ್ರದಲ್ಲಿ ಅಳೆಯಿಸಿ, ಎರಡನ್ನೂ ಗ್ರಾಫಿನಲ್ಲಿ ಗುರುತಿಸಿರಿ. ಇಂಗಾಲ ಶೂನ್ಯಕ್ಕೆ ಇಳಿಯುವಲ್ಲಿಯೂ ರೇಖೆ ಶೇ. 3 ಅಥವಾ 4 ಇಳಿಕೆಯನ್ನು ತೋರಿಸಿದರೆ ಅದು ಖನಿಜಗಳ ಪಾಲು. ಈ ರೇಖೆಯನ್ನು ಉತ್ತರ ಕರ್ನಾಟಕದ ಕಪ್ಪು ಮಣ್ಣಿಗೆ ಒಯ್ಯಬೇಡಿ. ಅಲ್ಲಿನ ಜೇಡಿಯೇ ಬೇರೆ, ಜೊತೆಗೆ ಕುಲುಮೆಯ ತಾಪ ಏರಿದರೆ ಸುಣ್ಣದ ಹರಳುಗಳೂ ಒಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ.

ಪರೀಕ್ಷಾ ಕೇಂದ್ರದ ಮೇಲಿನ ಆರೋಪದ ಎರಡು ಪುಟಗಳನ್ನು ತೆಗೆದುಹಾಕಿ. 105, 360 ಮತ್ತು 550 ಡಿಗ್ರಿಗಳ ಮೂರೂ ತೂಕಗಳನ್ನು ಮಿಲಿಗ್ರಾಂವರೆಗೆ ಕೊಟ್ಟು ಬರೆದರೆ, ಇಡೀ ಸಮೀಕರಣ ಸಿದ್ಧವಾಗುವ ಮೊದಲೇ ಆ ಲೇಖನವನ್ನು ಓದಲು ನಾನು ಸಿದ್ಧನಿದ್ದೇನೆ.

ಇಂತು,
ಸಂಪಾದಕ